ಕಾಂಟ್ರ್ಯಾಕ್ಟ್ ಎಂದು ಮೊದಲ ಸಾಲಿನಲ್ಲೇ ಬರೆಯುವುದು: ನನ್ನ ಅನುಭವ

‘ಕಾಂಟ್ರ್ಯಾಕ್ಟ್ ಅಂತ ಮೊದಲೇ ಹೇಳಿದರೆ ಯಾರೂ ರಿಪ್ಲೈ ಮಾಡಲ್ಲ’ ಎಂದು ನಮ್ಮ ನೇಮಕಾತಿ ಏಜೆನ್ಸಿಯ ಟೀಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆದರೂ ಕ್ಯಾಂಡಿಡೇಟ್‌ಗಳಿಗೆ ಕಳಿಸುವ ಮೆಸೇಜಿನಲ್ಲಿ ನಾನು ಹಾಗೇ ಬರೆಯತೊಡಗಿದೆ. ರಿಪ್ಲೈಗಳು ಕಡಿಮೆಯಾದದ್ದು ನಿಜ, ಅಂದಾಜು ಮೂರನೇ ಒಂದು ಭಾಗದಷ್ಟು. ಆದರೆ ಆಫರ್ ಕೈಗೆ ಬಂದ ಮೇಲೆ ಹಿಂದೆ ಸರಿಯುವವರು ಬಹುತೇಕ ನಿಂತುಹೋದರು. ಕ್ಲೈಂಟ್ ಕಂಪನಿಯಿಂದ ನಮಗೆ ಬರಬೇಕಾದ ಫೀಸು ಮುಳುಗುತ್ತಿದ್ದದ್ದೇ ಅಲ್ಲಿ.

ಹೆರಿಗೆ ರಜೆಯ ಜಾಗಕ್ಕೆ ಅಕೌಂಟೆಂಟ್ ಹುಡುಕುವಾಗ ಕಳಿಸಿದ ಮೆಸೇಜ್ ಇದು:

‘ನಮಸ್ಕಾರ. ಇದು 9 ತಿಂಗಳ ಕಾಂಟ್ರ್ಯಾಕ್ಟ್, ಪರ್ಮನೆಂಟ್ ಅಲ್ಲ. ರಜೆಯಲ್ಲಿರುವವರು ಮರಳಿ ಬರಲಿದ್ದಾರೆ, ಹಾಗಾಗಿ ಇದೇ ಹುದ್ದೆಯಲ್ಲಿ ಮುಂದುವರಿಯುವ ಸಾಧ್ಯತೆ ಕಡಿಮೆ. ಅವರು ರಜೆ ವಿಸ್ತರಿಸಿದರೆ ಮಾತ್ರ 3 ತಿಂಗಳು ಹೆಚ್ಚಬಹುದು. ಏನೆಂಬುದನ್ನು ಮುಗಿಯುವ 6 ವಾರ ಮೊದಲು ತಿಳಿಸುತ್ತೇವೆ. ಸಂಬಳ ನಮ್ಮ ಏಜೆನ್ಸಿಯ ಪೇರೋಲ್‌ನಿಂದ. ಆರೋಗ್ಯ ವಿಮೆ ಮೊದಲ ದಿನದಿಂದ, ನಿಮಗೆ ಮಾತ್ರ, ಕುಟುಂಬಕ್ಕಿಲ್ಲ. ಸಂಬಳ ಸಹಿತ ರಜೆ ತಿಂಗಳಿಗೆ ಒಂದೂವರೆ ದಿನ, ಉಳಿದದ್ದಕ್ಕೆ ಕೊನೆಯಲ್ಲಿ ಹಣ. ಬೋನಸ್ ಇಲ್ಲ. ಅವಧಿಗೆ ಮೊದಲೇ ನಿಲ್ಲಿಸಬೇಕಾದರೆ ಎರಡೂ ಕಡೆ 30 ದಿನದ ನೋಟಿಸ್.’

ಇದರಲ್ಲಿ ಕಷ್ಟದ ಸಾಲು ರಿನ್ಯೂವಲ್‌ನದು. ಹೈರಿಂಗ್ ಮ್ಯಾನೇಜರ್‌ರನ್ನು ‘ಮುಂದುವರಿಸುತ್ತೀರಾ?’ ಎಂದು ಕೇಳಿದರೆ ‘ನೋಡೋಣ, ಚೆನ್ನಾಗಿ ಕೆಲಸ ಮಾಡಿದರೆ ಖಂಡಿತ’ ಎಂಬ ಉತ್ತರವೇ ಸಿಗುತ್ತದೆ. ಅದನ್ನೇ ಮೆಸೇಜಿನಲ್ಲಿ ಹಾಕಿದರೆ ಓದುವವರು ಪರ್ಮನೆಂಟ್ ಎಂದೇ ಎಣಿಸುತ್ತಾರೆ. ನಾನು ಕೇಳುವುದು ಬೇರೆ: ಈ ಹುದ್ದೆಗೆ ಮುಂದಿನ ಬಜೆಟ್‌ನಲ್ಲಿ ದುಡ್ಡು ಇಟ್ಟಿದ್ದೀರಾ? ಸಹಿ ಹಾಕುವವರು ಯಾರು? ಹಿಂದಿನ ಕಾಂಟ್ರ್ಯಾಕ್ಟ್‌ನವರಲ್ಲಿ ಎಷ್ಟು ಜನ ಮುಂದುವರಿದರು? ಮೂರಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ‘ಸಾಧ್ಯತೆ ಕಡಿಮೆ’ ಎಂದೇ ಬರೆಯುತ್ತೇನೆ. ಈ ಪ್ರಶ್ನೆಗಳನ್ನು ಯಾವ ಹೊತ್ತಿನಲ್ಲಿ ಕೇಳಿದರೆ ಬಾಯಿ ಬಿಡುತ್ತಾರೆ ಎಂಬುದು ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ಪರ್ಮನೆಂಟ್‌ನವರ ಸಂಬಳ 100 ಎಂದಿಟ್ಟುಕೊಳ್ಳಿ. ಬೋನಸ್ 10, ಕುಟುಂಬದ ವಿಮೆ ಮತ್ತು ಇತರ ಸೌಲಭ್ಯ ಸೇರಿ 8 ಆದರೆ ಒಟ್ಟು 118. ಇವು ಯಾವುದೂ ಇಲ್ಲದ ಕಾಂಟ್ರ್ಯಾಕ್ಟ್‌ಗೆ ಕ್ಲೈಂಟ್ 112 ಕೊಟ್ಟು ‘ಹೆಚ್ಚೇ ಕೊಡ್ತಿದ್ದೀವಲ್ಲ’ ಎನ್ನುತ್ತಾರೆ. ಕ್ಯಾಂಡಿಡೇಟ್ ಈ ಲೆಕ್ಕ ಮಾಡುವುದು ಆಫರ್ ಲೆಟರ್ ನೋಡಿದ ರಾತ್ರಿ, ಬೆಳಿಗ್ಗೆ ಫೋನ್ ಎತ್ತುವುದಿಲ್ಲ. ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಕ್ಲೈಂಟ್ ಮುಂದಿಟ್ಟ ಮೇಲೆ ದರ 120ರ ಆಸುಪಾಸಿಗೆ ಬಂತು. ಈ ವಾದಕ್ಕೆ ನನಗೆ ಹೆಮ್ಮೆಯಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅವಧಿಯನ್ನು ಸಬ್ಜೆಕ್ಟ್ ಲೈನಿಗೇ ಹಾಕಿದಾಗ ಮೆಸೇಜ್ ತೆರೆದವರು ಕಡಿಮೆ, ಆದರೆ ಕೈಯಲ್ಲಿ ಪರ್ಮನೆಂಟ್ ಕೆಲಸ ಇಲ್ಲದವರು, ಬಿಡುವಿನ ನಂತರ ಮರಳುವವರು ಬೇಗ ಉತ್ತರಿಸಿದರು. ಒಳ್ಳೆಯ ಪರ್ಮನೆಂಟ್ ಕೆಲಸದಲ್ಲಿ ಇರುವವರನ್ನು ಎಬ್ಬಿಸಲು ಈ ವಿಧಾನ ಸಾಲದು. ಅಂಥವರಿಗೆ 9 ತಿಂಗಳ ಹುದ್ದೆಯನ್ನು ನಾನು ಕಳಿಸುವುದೇ ಇಲ್ಲ.