ಹೊಸಬರೇ ಕೆಫೆ ತೆರೆದು ಮುಚ್ಚುವ ಹಾಗೆ ಮಾಡಿದ ನಮ್ಮ ಒಂದು ಹಾಳೆ

ಸೇರಿ ಒಂದು ವಾರವೂ ಆಗದ ಹುಡುಗರ ಕೈಗೆ ಕೀಲಿ ಕೊಡುತ್ತೇನೆ ಅಂದಾಗ ನನ್ನ ಪಾಲುದಾರರು ನಂಬಲಿಲ್ಲ. "ಹಾಳೆ ನೋಡಿಕೊಂಡು ಯಾರಪ್ಪಾ ಕೆಲಸ ಮಾಡ್ತಾರೆ?" ಅಂದರು. ಈಗ ಸುಮಾರು ಆರು ತಿಂಗಳಿಂದ ಹಾಗೇ ನಡೆಯುತ್ತಿದೆ. ಬೆಳಿಗ್ಗೆ ನನಗೆ ಫೋನ್ ಬರುವುದೇ ಅಪರೂಪ.

ಮೊದಲು ಬರೆದದ್ದು ನಾಲ್ಕು ಪುಟ. ಮಷಿನ್, ಫ್ರಿಜ್, ಕೌಂಟರ್, ಕ್ಯಾಶ್ ಅಂತ ವಿಭಾಗ ಮಾಡಿದ್ದೆ. ಯಾರೂ ಓದಲಿಲ್ಲ. ಆಮೇಲೆ ಟಿಕ್ ಹಾಕುವ ಪಟ್ಟಿ ಬಂತು. ಅದನ್ನು ದಿನಾ ತುಂಬುತ್ತಿದ್ದರು, ಆದರೆ ಮನೆಗೆ ಹೊರಡುವಾಗ ಒಟ್ಟಿಗೆ. ಒಂದು ರಾತ್ರಿ ಹಾಲಿನ ಫ್ರಿಜ್ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಪಟ್ಟಿಯಲ್ಲಿ ಅದಕ್ಕೂ ಟಿಕ್ ಇತ್ತು. ಅಷ್ಟೂ ಹಾಲು ಚೆಲ್ಲಬೇಕಾಯಿತು. ಹೆಚ್ಚು ಕಡಿಮೆ ಎರಡು ದಿನದ ಲಾಭ ಹೋಯಿತು.

ಅಲ್ಲಿಂದ ಟಿಕ್ ತೆಗೆದೆ. ಅದರ ಜಾಗದಲ್ಲಿ ಸಂಖ್ಯೆ ಬರೆಯಬೇಕು. "ಫ್ರಿಜ್ ನೋಡಿದೆ" ಅಲ್ಲ, "ಫ್ರಿಜ್ ಎಷ್ಟು ಡಿಗ್ರಿ". 5 ದಾಟಿದ್ದರೆ ಬಾಗಿಲ ರಬ್ಬರ್ ನೋಡಿ ಫೋನ್ ಮಾಡಬೇಕು. ಸುಳ್ಳು ಬರೆದರೆ? ಅದೂ ಗೊತ್ತಾಗುತ್ತದೆ. ರಾತ್ರಿಯಿಡೀ ಮುಚ್ಚಿದ್ದ ಫ್ರಿಜ್ ಬೆಳಿಗ್ಗೆ ಸ್ವಲ್ಪ ಹೆಚ್ಚೇ ತಣ್ಣಗಿರುತ್ತದೆ. ದಿನವಿಡೀ ಬಾಗಿಲು ತೆಗೆದು ಹಾಕಿ ಮಾಡಿದ ಮೇಲೆ ಒಂದೆರಡು ಡಿಗ್ರಿ ಏರಿರುತ್ತದೆ. ವಾರಪೂರ್ತಿ ಎರಡೂ ಹೊತ್ತು "4" ಅಂತಿದ್ದರೆ ಯಾರೂ ಥರ್ಮಾಮೀಟರ್ ನೋಡಿಲ್ಲ ಅಂತಲೇ ಅರ್ಥ.

ಎರಡನೇ ಬದಲಾವಣೆ ಕ್ರಮದ್ದು. ವಿಭಾಗ ಬಿಟ್ಟು ಗಡಿಯಾರದ ಪ್ರಕಾರ ಬರೆದೆ. ಬಾಗಿಲು ತೆಗೆದು, ನೀರಿನ ವಾಲ್ವ್ ತಿರುಗಿಸಿ, ಮೊದಲು ಎಸ್ಪ್ರೆಸೊ ಮಷಿನ್ ಆನ್. ಕಾಫಿ ಪುಡಿ ತುಂಬುವ ಹಿಡಿಕೆಯ ಪೋರ್ಟಾಫಿಲ್ಟರ್‌ಗಳನ್ನು ಬಿಸಿನೀರು ಇಳಿಯುವ ಗ್ರೂಪ್‌ಗೆ ಸಿಕ್ಕಿಸಿಯೇ ಇಡಬೇಕು, ಅವೂ ಬಿಸಿಯಾಗಬೇಕಲ್ವಾ. ಹೊಸಬರು ಎಡವುವುದು ಇಲ್ಲೇ. ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಬೇಗ 1.2 ಬಾರ್ ಹತ್ತಿರ ಬಂದುಬಿಡುತ್ತದೆ, ಗ್ರೂಪಿನ ಲೋಹ ಇನ್ನೂ ಕಾದಿರುವುದಿಲ್ಲ. ಆಗ ತೆಗೆದ ಶಾಟ್, ಅಂದರೆ ಒಂದು ಸಲದ ಎಸ್ಪ್ರೆಸೊ, ಹುಳಿ. ಅದನ್ನು ಸರಿ ಮಾಡಲು ಗ್ರೈಂಡರ್ ತಿರುಗಿಸುತ್ತಾರೆ. ಮಷಿನ್ ಕಾದ ಮೇಲೆ ಆ ಸೆಟ್ಟಿಂಗ್ ಮತ್ತೆ ತಪ್ಪು. ಹೀಗೆ ಬೆಳಿಗ್ಗೆ ಬೆಳಿಗ್ಗೆಯೇ ಕಾಲು ಕಿಲೋ ಬೀನ್ಸ್ ಸುಮ್ನೆ ಹೋಗುತ್ತಿತ್ತು.

ಹಾಗಾಗಿ ಹಾಳೆಯಲ್ಲಿ ಮುಳ್ಳಿನ ಮಾತೇ ಇಲ್ಲ. ಆನ್ ಮಾಡಿದ ಹೊತ್ತು ಬರೆಯಬೇಕು, ಅದರ ಮುಂದೆ ಅರ್ಧ ಗಂಟೆ ಕೂಡಿಸಿ ಬರೆಯಬೇಕು. ಅಲ್ಲಿಯವರೆಗೆ ಶಾಟ್ ಇಲ್ಲ, ಗ್ರೈಂಡರ್ ಮುಟ್ಟುವಂತಿಲ್ಲ. ಆ ಹೊತ್ತಲ್ಲಿ ಫ್ರಿಜ್, ಟೇಬಲ್, ಚಿಲ್ಲರೆ ಎಲ್ಲ ಮುಗಿಯುತ್ತದೆ. ಆಮೇಲೆ 18 ಗ್ರಾಂ ಕಾಫಿ ಪುಡಿ ಹಾಕಿ, ಸುಮಾರು 36 ಗ್ರಾಂ ಎಸ್ಪ್ರೆಸೊ ಬರಲು ಎಷ್ಟು ಸೆಕೆಂಡು ಅಂತ ಬರೆಯುವುದು. 25ರಿಂದ 30ರ ಒಳಗಿದ್ದರೆ ಬಾಗಿಲ ಬೋರ್ಡನ್ನು "ಓಪನ್" ಕಡೆಗೆ ತಿರುಗಿಸಬಹುದು.

ಕ್ಲೋಸಿಂಗ್ ಕೂಡ ಹಾಗೇ, ಬಾಗಿಲು ಹಾಕುವ ಅರ್ಧ ಗಂಟೆ ಮೊದಲೇ ಶುರು. ಎರಡು ಗ್ರೂಪಿನ ಮಷಿನ್ ಆದ್ದರಿಂದ ಒಂದು ಗಿರಾಕಿಗೆ, ಇನ್ನೊಂದು ತೊಳೆಯಲು. ತೂತಿಲ್ಲದ ಬ್ಲೈಂಡ್ ಬಾಸ್ಕೆಟ್‌ಗೆ ಮಷಿನ್ ತೊಳೆಯುವ ಪುಡಿ ಹಾಕಿ, ಹತ್ತು ಸೆಕೆಂಡು ಆನ್, ಹತ್ತು ಸೆಕೆಂಡು ಆಫ್, ಐದು ಸಲ. ಆಮೇಲೆ ಬಾಸ್ಕೆಟ್ ತೊಳೆದು ಬರೀ ನೀರಲ್ಲಿ ಅದೇ. "ಐದು ಸಲ" ಅಂತಷ್ಟೇ ಬರೆದಿದ್ದಾಗ ನೊರೆ ಇದ್ದರೂ ನಿಲ್ಲಿಸುತ್ತಿದ್ದರು. ಈಗ "ಹೊರಬರುವ ನೀರಲ್ಲಿ ನೊರೆ, ಬಣ್ಣ ಎರಡೂ ಇರಬಾರದು" ಅಂತಿದೆ. ಇದನ್ನು ನಿಜವಾಗಿ ಮಾಡಿದ್ದಾರಾ ಅಂತ ಬೆಳಿಗ್ಗೆ ಒಂದು ನಿಮಿಷದಲ್ಲಿ ಪತ್ತೆ ಮಾಡುವ ದಾರಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ನಮ್ಮ ಹುಡುಗರೂ ಓದುತ್ತಾರೆ.

ಕ್ಯಾಶ್ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಮೊದಲು ನಾಳೆಯ ಚಿಲ್ಲರೆ ಎಣಿಸಿ ಬೇರೆ ಇಡಬೇಕು. ಉಳಿದದ್ದನ್ನು ಎಣಿಸಿ ಬರೆದು ಲಕೋಟೆ ಅಂಟಿಸಬೇಕು. ಬಿಲ್ಲಿಂಗ್ ಮಷಿನ್‌ನ ಮೊತ್ತ ತೆಗೆಯುವುದು ಅದಾದ ಮೇಲೆಯೇ. ಮೊದಲೇ ಮೊತ್ತ ಗೊತ್ತಿದ್ದರೆ ಕೈ ತಾನಾಗಿ ಅಲ್ಲಿಗೇ ಎಣಿಸಿ ನಿಲ್ಲಿಸುತ್ತದೆ. ಮೊದಲೆರಡು ವಾರ ವ್ಯತ್ಯಾಸ ಜಾಸ್ತಿ ಕಂಡಿತು. ಮುಂಚೆಯೂ ಅಷ್ಟೇ ಇದ್ದಿರಬೇಕು, ಕಾಣುತ್ತಿರಲಿಲ್ಲ. ಯಾವ ಹೊತ್ತಿನ ಚಿಲ್ಲರೆಯಲ್ಲಿ ತಪ್ಪುತ್ತಿದೆ ಅಂತ ಗೊತ್ತಾದ ಮೇಲೆ ಇಳಿಯಿತು.

ನಡುವೆ ವಿಡಿಯೊ ಮಾಡಿ ಫೋನಲ್ಲಿ ನೋಡಿ ಅಂದೆ. ಒದ್ದೆ ಕೈಯಲ್ಲಿ ಯಾರು ಫೋನ್ ಮುಟ್ಟುತ್ತಾರೆ? ಬಿಟ್ಟೆ. ಮುಚ್ಚಿದ ಮೇಲೆ ಕೌಂಟರ್ ಹೇಗಿರಬೇಕು ಅನ್ನುವ ಒಂದು ಫೋಟೊ ಮಾತ್ರ ಉಳಿದಿದೆ, ಸಿಂಕ್ ಮೇಲೆ ಲ್ಯಾಮಿನೇಟ್ ಮಾಡಿ ಅಂಟಿಸಿದ್ದೇನೆ.

ಹೊಸಬರು ಬಂದ ಮೊದಲ ದಿನ ಹಾಳೆ ಅವರ ಕೈಗೆ ಕೊಟ್ಟು ನಾನು ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುತ್ತೇನೆ. ಅವರು ತಿರುಗಿ ನನ್ನ ಮುಖ ನೋಡಿದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು. ರಾತ್ರಿ ಆ ಸಾಲುಗಳನ್ನು ತಿದ್ದಿ ಹೊಸ ಪ್ರಿಂಟ್ ತೆಗೆಯುತ್ತೇನೆ.