ಮಾತ್ರೆಗೂ ಜ್ಯೂಸಿಗೂ ನಡುವೆ ಎಷ್ಟು ಹೊತ್ತು ಬಿಡಬೇಕು?

ಚಕ್ಕೋತದ ಜಾತಿಯ ಹಣ್ಣಾದ ಗ್ರೇಪ್‌ಫ್ರೂಟ್‌ನ ಜ್ಯೂಸ್ ಬೇಡ ಎಂದು ವೈದ್ಯರು ಹೇಳಿದಾಗ ಹೆಚ್ಚಿನವರು ಕೇಳುವುದು ಒಂದೇ: 'ಬೆಳಿಗ್ಗೆ ಜ್ಯೂಸ್ ಕುಡಿದು ರಾತ್ರಿ ಮಾತ್ರೆ ತೆಗೆದುಕೊಂಡರೆ ಆಗದೇ?' ಕೊಲೆಸ್ಟೆರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಮಾತ್ರೆಯಾದರೆ, ಆಗುವುದಿಲ್ಲ.

ನುಂಗಿದ ಸಿಮ್ವಾಸ್ಟಾಟಿನ್‌ನಲ್ಲಿ ಶೇ 5ಕ್ಕಿಂತ ಕಡಿಮೆ ಭಾಗ ಮಾತ್ರ ಕೆಲಸ ಮಾಡುವ ರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಕರುಳಿನ ಗೋಡೆ ಮತ್ತು ಲಿವರ್‌ನಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ದಾರಿಯಲ್ಲೇ ಒಡೆದುಹಾಕುತ್ತದೆ. ಮಾತ್ರೆಯ ಪ್ರಮಾಣವನ್ನು ನಿಗದಿ ಮಾಡಿರುವುದೂ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರನೋಕೂಮರಿನ್ ಎಂಬ ರಾಸಾಯನಿಕಗಳು ಕರುಳಿನಲ್ಲಿರುವ ಕಿಣ್ವವನ್ನು ಶಾಶ್ವತವಾಗಿ ಕೆಡಿಸುತ್ತವೆ. ಜ್ಯೂಸ್ ಜೀರ್ಣವಾಗಿ ಹೋದರೂ ಕೆಟ್ಟ ಕಿಣ್ವ ಸರಿಹೋಗುವುದಿಲ್ಲ. ಕರುಳು ಹೊಸ ಕಿಣ್ವ ತಯಾರಿಸಿಕೊಳ್ಳಲು 1ರಿಂದ 3 ದಿನ ಹಿಡಿಯುತ್ತದೆ. ಬೆಳಿಗ್ಗೆಯ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ಜ್ಯೂಸ್, ರಾತ್ರಿಯ ಮಾತ್ರೆಯನ್ನು ಮುಟ್ಟುವುದು ಹೀಗೆ. ಇಡೀ ಹಣ್ಣು ತಿಂದರೂ ಅದೇ ಪರಿಣಾಮ. ಚಕ್ಕೋತ ಮತ್ತು ಮಾರ್ಮಲೇಡ್‌ಗೆ ಬಳಸುವ ಕಹಿ ಸೆವಿಲ್ ಕಿತ್ತಳೆಯನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ.

ರಾತ್ರಿ 40 ಮಿ.ಗ್ರಾಂ. ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುವವರೊಬ್ಬರು ದಿನವೂ ಬೆಳಿಗ್ಗೆ ಈ ಜ್ಯೂಸ್ ಕುಡಿಯಲು ಶುರುಮಾಡಿದರು ಎನ್ನಿ. ಮಾತ್ರೆ ಅದೇ, ಸಮಯ ಅದೇ. ರಕ್ತಕ್ಕೆ ಸೇರುವ ಔಷಧ ಮಾತ್ರ ಏರುತ್ತದೆ. ಎಷ್ಟು ಏರುತ್ತದೆ ಎಂಬುದು ಆಯಾ ವ್ಯಕ್ತಿಯ ಕರುಳಿನಲ್ಲಿ ಎಷ್ಟು ಕಿಣ್ವವಿದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಪಕ್ಕದವರಿಗೆ ಏನೂ ಆಗಿಲ್ಲ ಎಂಬುದು ಧೈರ್ಯ ತಂದುಕೊಳ್ಳುವ ಮಾತಲ್ಲ. ಶ್ರಮದ ಕೆಲಸ ಮಾಡದಿದ್ದರೂ ತೊಡೆ, ಭುಜ, ಬೆನ್ನಿನ ಸ್ನಾಯು ನೋಯುವುದು, ಮೆಟ್ಟಿಲು ಹತ್ತಲು ಕಾಲಿನಲ್ಲಿ ಶಕ್ತಿ ಸಾಲದಿರುವುದು ಔಷಧ ಹೆಚ್ಚಾಗಿ ಸ್ನಾಯುಗಳಿಗೆ ಹಾನಿಯಾಗುತ್ತಿದೆ ಎಂಬುದರ ಮೊದಲ ಸುಳಿವು. ಆಗ ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ತಿಳಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆ ಬೀಳುತ್ತಿದೆ ಎಂದರ್ಥ; ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಏನು ಮಾಡಬೇಕು? ಮೊದಲು ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಜೊತೆಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಸಿಮ್ವಾಸ್ಟಾಟಿನ್ ಇದ್ದರೆ ಹಣ್ಣನ್ನು ಪೂರ್ತಿ ಬಿಡಿ. ಅದನ್ನು ಬಿಡಲು ಮನಸ್ಸಿಲ್ಲದಿದ್ದರೆ, ಈ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಳ್ಳದ ರೋಸುವಾಸ್ಟಾಟಿನ್ ಅಥವಾ ಪ್ರಾವಾಸ್ಟಾಟಿನ್‌ಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬದಲಾವಣೆ ಅವರ ನಿರ್ಧಾರವೇ ಆಗಿರಲಿ. ರಕ್ತದೊತ್ತಡದ ಫೆಲೋಡಿಪಿನ್, ಅಂಗಾಂಗ ಕಸಿಯಾದವರ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೊರಿನ್‌ಗೂ ಇದೇ ತೊಡಕು. ಫೆಲೋಡಿಪಿನ್ ಜೊತೆ ಒತ್ತಡ ವಿಪರೀತ ಇಳಿದು ತಲೆ ಸುತ್ತಬಹುದು. ಇಂಥ ಮಾತ್ರೆಗಳ ಜೊತೆ ಆಗಲೇ ದಿನವೂ ಜ್ಯೂಸ್ ಕುಡಿಯುತ್ತಿರುವವರು ಅದನ್ನು ನಿಲ್ಲಿಸುವಾಗಲೂ ವೈದ್ಯರಿಗೆ ಹೇಳಬೇಕು. ಕಿಣ್ವ ಮರಳಿದಂತೆ ಔಷಧದ ಮಟ್ಟ ಇಳಿಯುತ್ತದೆ, ಕಸಿಯಾದವರಲ್ಲಿ ಅದೂ ಅಪಾಯವೇ.

ಹಾಲಿನ ಕಥೆಯೇ ಬೇರೆ. ಅಲ್ಲಿ ಕಿಣ್ವ ಕೆಡುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೊಟಿಕ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಎರಡೂ ಹೊಟ್ಟೆಯಲ್ಲಿ ಭೇಟಿಯಾಗದಿದ್ದರೆ ಸಾಕು, ಆದ್ದರಿಂದ ಇಲ್ಲಿ ಅಂತರ ನಿಜಕ್ಕೂ ಕೆಲಸ ಮಾಡುತ್ತದೆ. ಬರಿ ಹಾಲು, ಮೊಸರು ಅಥವಾ ಕ್ಯಾಲ್ಸಿಯಂ ಮಾತ್ರೆಗೆ 2 ಗಂಟೆ ಮೊದಲು ಇಲ್ಲವೇ 6 ಗಂಟೆ ನಂತರ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳಿ. ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೇ ನುಂಗಿ, ಕಾಫಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು 4 ಗಂಟೆ ದೂರವಿಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ವಿಷಯದಲ್ಲಿ ಅಂತರಕ್ಕೆ ಅರ್ಥವೇ ಇಲ್ಲ. ಹಸಿರು ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಎದುರಾಗಿ ನಿಲ್ಲುತ್ತದೆ, ಯಾವ ಹೊತ್ತಿನಲ್ಲಿ ತಿಂದರೂ ಸರಿ. ಹಾಗೆಂದು ಸೊಪ್ಪು ಬಿಡುವುದು ತಪ್ಪು. ವಾರಕ್ಕೆ ಮೂರು ಸಲ ತಿನ್ನುವ ರೂಢಿಯಿದ್ದರೆ ಹಾಗೆಯೇ ಮುಂದುವರಿಸಿ. ವೈದ್ಯರು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ನೋಡಿ ಮಾತ್ರೆಯ ಪ್ರಮಾಣವನ್ನು ಆ ರೂಢಿಗೇ ಹೊಂದಿಸಿರುತ್ತಾರೆ. ಸೊಪ್ಪನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತಸ್ರಾವದ, ಒಮ್ಮೆಲೇ ಹೆಚ್ಚಿಸಿದರೆ ಹೆಪ್ಪುಗಟ್ಟುವ ಭಯ. ಉಪವಾಸ ಅಥವಾ ಹೊಸ ಪಥ್ಯ ಶುರುಮಾಡುವ ಮೊದಲು ಮುಂದಿನ ಐಎನ್‌ಆರ್ ಪರೀಕ್ಷೆ ಯಾವಾಗ ಎಂದು ಕೇಳಿಕೊಳ್ಳಿ.