ಸೆನ್ಸರ್‌ಗೆ ಐಟುಸಿಯೋ, ಎಸ್‌ಪಿಐಯೋ? ವೈರ್ ಎಳೆಯುವ ಮೊದಲೇ ಲೆಕ್ಕ ಹಾಕಿ

ಮೇಜಿನ ಮೇಲೆ ಚೆನ್ನಾಗಿ ಓಡುತ್ತಿದ್ದ ಸೆನ್ಸರ್ ತಾರಸಿಗೆ ಹೋದ ದಿನವೇ ಕೈಕೊಡುತ್ತದೆ. ಕೂಡಲೇ ಸೆನ್ಸರ್ ಸುಟ್ಟುಹೋಯಿತು ಅಂತ ಹೊಸದು ತರುತ್ತಾರೆ. ಅದೂ ಹಾಗೇ ಮಾಡುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೆಟ್ಟಿರುವುದು ಸೆನ್ಸರ್ ಅಲ್ಲ, ನಡುವಿನ ವೈರಿನ ಲೆಕ್ಕ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾರಸಿಯ ಗಿಡಗಳ ಹತ್ತಿರ ತಾಪಮಾನ, ತೇವಾಂಶ ಅಳೆಯುವ ಬಿಎಂಇ280 ಸೆನ್ಸರ್ ಇಡಬೇಕು. ಇಎಸ್‌ಪಿ32 ಬೋರ್ಡು ಒಳಗಿದೆ. ನಡುವೆ 3 ಮೀಟರ್ ವೈರು. ಸೆನ್ಸರ್ ಮತ್ತು ಬೋರ್ಡು ಮಾತಾಡುವ ದಾರಿಗೆ ಬಸ್ ಅನ್ನುತ್ತಾರೆ; ಈ ಚಿಪ್ ಐಟುಸಿ, ಎಸ್‌ಪಿಐ ಎರಡೂ ಬಸ್‌ನಲ್ಲಿ ಮಾತಾಡುತ್ತದೆ, ಹಾಗಾಗಿ ಆಯ್ಕೆ ನಮ್ಮದೇ.

1. ಎಷ್ಟು ಸಲ ಓದಬೇಕು?

ತಾಪಮಾನವನ್ನು ನಿಮಿಷಕ್ಕೊಮ್ಮೆ ಓದಿದರೆ ಸಾಕು. ಐಟುಸಿ 100 ಕಿಲೋಹರ್ಟ್ಸ್‌ನಲ್ಲಿ ಓಡಿದರೂ ಒಂದು ಓದಿಗೆ ಸುಮಾರು 1 ಮಿಲಿಸೆಕೆಂಡ್ ಸಾಕು. ಇಲ್ಲಿ ಎಸ್‌ಪಿಐ ವೇಗದಿಂದ ಏನೂ ಲಾಭವಿಲ್ಲ. ಪಂಪಿನ ಕಂಪನ ಅಳೆಯುವುದಾದರೆ ಮಾತು ಬೇರೆ. ಎಡಿಎಕ್ಸ್‌ಎಲ್345 ಎಂಬ ಕಂಪನ ಸೆನ್ಸರ್ ಸೆಕೆಂಡಿಗೆ 3200 ಓದು ಕೊಡಬಲ್ಲದು, ಆದರೆ 400 ಕಿಲೋಹರ್ಟ್ಸ್ ಐಟುಸಿಯಲ್ಲಿ 800ಕ್ಕೆ ನಿಲ್ಲಿಸಿ ಎಂದು ಅದರ ಡೇಟಾಶೀಟೇ ಹೇಳುತ್ತದೆ. ಅಲ್ಲಿ ಎಸ್‌ಪಿಐ ಬೇಕೇ ಬೇಕು, ಬೋರ್ಡನ್ನು ಸೆನ್ಸರ್ ಪಕ್ಕದಲ್ಲೇ ಇಡಬೇಕು.

2. ವೈರು ಎಣಿಸಿ

ಐಟುಸಿಗೆ ಪವರ್, ಗ್ರೌಂಡ್ ಸೇರಿ 4. ಎಸ್‌ಪಿಐಗೆ 6, ಮುಂದಿನ ಪ್ರತಿ ಸೆನ್ಸರ್‌ಗೂ ಚಿಪ್ ಸೆಲೆಕ್ಟ್ ಅಂತ ಇನ್ನೊಂದೊಂದು. ಎಸ್‌ಪಿಐ ಕ್ಲಾಕ್ ಚುರುಕಾಗಿ ಏರಿಳಿಯುತ್ತದೆ. ಉದ್ದ ವೈರಿನಲ್ಲಿ ಅದು ಮಾರ್ದನಿ ಹೊಡೆದು, ಒಂದು ಬಡಿತವನ್ನು ಸೆನ್ಸರ್ ಎರಡು ಅಂತ ಎಣಿಸಬಹುದು. ಆಗ ಬಿಟ್‌ಗಳೆಲ್ಲ ಒಂದು ಸ್ಥಾನ ಜಾರುತ್ತವೆ. 'ತಲುಪಿತು' ಅಂತ ಹೇಳುವ ಏರ್ಪಾಡು ಎಸ್‌ಪಿಐಯಲ್ಲಿ ಇಲ್ಲ, ಹಾಗಾಗಿ ತಪ್ಪು ಸಂಖ್ಯೆ ಸುಮ್ನೆ ಬಂದು ಕೂರುತ್ತದೆ. ನಮ್ಮ ತಾರಸಿಗೆ ಐಟುಸಿಯೇ ಸರಿ.

3. ಪುಲ್‌ಅಪ್: ಎಲ್ಲರೂ ಎಡವುವ ಜಾಗ

ಐಟುಸಿಯಲ್ಲಿ ಚಿಪ್‌ಗಳು ತಂತಿಯನ್ನು ಕೆಳಗೆ ಎಳೆಯುತ್ತವೆ ಅಷ್ಟೇ. ಮೇಲಕ್ಕೆ ಎತ್ತುವ ಕೆಲಸ ಪುಲ್‌ಅಪ್ ರೆಸಿಸ್ಟರಿನದು. ಕೇಬಲ್ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಜಾಸ್ತಿ, ಅಷ್ಟೂ ನಿಧಾನವಾಗಿ ತಂತಿ ಮೇಲೇರುತ್ತದೆ. ಮೀಟರಿಗೆ 80 ಪಿಕೋಫ್ಯಾರಡ್ ಹಿಡಿದರೆ 3 ಮೀಟರಿಗೆ 240. ಬೋರ್ಡು, ಪಿನ್ನು ಎಲ್ಲ ಸೇರಿ 300 ಅನ್ನೋಣ. ಏರುವ ಸಮಯ tr, ರೆಸಿಸ್ಟರ್ R, ಕೆಪಾಸಿಟೆನ್ಸ್ C ಅಂತಿಟ್ಟುಕೊಂಡರೆ ಲೆಕ್ಕ ಹೀಗಿದೆ:

```
tr = 0.8473 × R × C
```

ಅಗ್ಗದ ಮಾಡ್ಯೂಲ್‌ಗಳಲ್ಲಿ ಹೆಚ್ಚಾಗಿ 10 ಕಿಲೋಓಮ್ ಇರುತ್ತದೆ. ಅದಕ್ಕೆ ಏರುವ ಸಮಯ 2.5 ಮೈಕ್ರೋಸೆಕೆಂಡ್ ಬರುತ್ತದೆ. 400 ಕಿಲೋಹರ್ಟ್ಸ್‌ನಲ್ಲಿ ಒಂದಿಡೀ ಕ್ಲಾಕ್ ಬಡಿತವೇ ಅಷ್ಟು! ತಂತಿ ಮೇಲೇರುವಷ್ಟರಲ್ಲಿ ಮುಂದಿನ ಬಿಟ್ ಬಂದಿರುತ್ತದೆ. 100 ಕಿಲೋಹರ್ಟ್ಸ್‌ಗೂ ನಿಯಮದ ಮಿತಿ 1 ಮೈಕ್ರೋಸೆಕೆಂಡ್. ಬಸ್ ಮೇಲಿರುವ ಚಿಪ್‌ಗಳ ವಿಳಾಸ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಸಾಮಾನ್ಯವಾಗಿ 100ರಲ್ಲಿ ಓಡುವುದರಿಂದ ಹೇಗೋ ವಿಳಾಸ ತೋರಿಸಿಬಿಡುತ್ತದೆ. ಆಮೇಲೆ ಮುಖ್ಯ ಪ್ರೋಗ್ರಾಂ 400ಕ್ಕೆ ಏರಿಸಿದಾಗ ಓದು ತಪ್ಪುತ್ತದೆ. ಜನ ಗಲಿಬಿಲಿಯಾಗುವುದು ಇಲ್ಲೇ.

1 ಮೈಕ್ರೋಸೆಕೆಂಡಿನೊಳಗೆ ಏರಬೇಕಾದರೆ ರೆಸಿಸ್ಟರ್ 3.9 ಕಿಲೋಓಮ್ ಮೀರಬಾರದು. ತೀರಾ ಚಿಕ್ಕದು ಹಾಕಿದರೆ ಚಿಪ್‌ಗೆ ಕೆಳಗೆಳೆಯಲು ಆಗುವುದಿಲ್ಲ. 3.3 ವೋಲ್ಟಿಗೆ, 3 ಮಿಲಿಆಂಪ್ ಲೆಕ್ಕದಲ್ಲಿ, ಕೆಳಮಿತಿ ಸುಮಾರು 970 ಓಮ್. ನಾನು 2.2 ಕಿಲೋಓಮ್ ಹಾಕುತ್ತೇನೆ, ನೀವೂ ಅದನ್ನೇ ಹಾಕಿ. ಡೇಟಾ ತಂತಿ ಎಸ್‌ಡಿಎಗೆ ಒಂದು, ಕ್ಲಾಕ್ ತಂತಿ ಎಸ್‌ಸಿಎಲ್‌ಗೆ ಒಂದು, ಎರಡೂ 3.3 ವೋಲ್ಟಿಗೆ. ಮಾಡ್ಯೂಲಿನ 10 ಕಿಲೋಓಮ್ ಜೊತೆ ಸೇರಿ ಅದು 1.8 ಆಗುತ್ತದೆ, ಏರುವ ಸಮಯ ಅರ್ಧ ಮೈಕ್ರೋಸೆಕೆಂಡಿಗೂ ಕಡಿಮೆ.

ಮಾಡ್ಯೂಲಿನಲ್ಲಿ ಎಷ್ಟಿದೆ ಅಂತ ಗೊತ್ತಾಗಬೇಕಾ? ಪವರ್ ತೆಗೆದು, ಬೋರ್ಡಿನಿಂದ ಬಿಡಿಸಿ, ಎಸ್‌ಡಿಎ ಮತ್ತು ಪವರ್ ಪಿನ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಇಎಸ್‌ಪಿ32 ಒಳಗಿನ ಪುಲ್‌ಅಪ್ ನಂಬಬೇಡಿ, ಅದು ಹತ್ತಾರು ಕಿಲೋಓಮ್, ಏನಕ್ಕೂ ಸಾಲದು.

ಹೆಣೆದ ಜೋಡಿ ಕೇಬಲ್ ಇದ್ದರೆ ಎಸ್‌ಡಿಎ ಜೊತೆ ಗ್ರೌಂಡ್, ಎಸ್‌ಸಿಎಲ್ ಜೊತೆ ಪವರ್ ಹೆಣೆಯಿರಿ. ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಒಂದೇ ಜೋಡಿಯಲ್ಲಿ ಹಾಕಿದರೆ ಒಂದರ ಸದ್ದು ಇನ್ನೊಂದಕ್ಕೆ ಹತ್ತುತ್ತದೆ.

4. ಚಿಪ್‌ನ ಗುರುತು ಓದಿ

```
Serial.begin(115200);
Wire.begin();
Wire.setClock(100000);
Wire.beginTransmission(0x76);
Wire.write(0xD0);
Wire.endTransmission(false);
Wire.requestFrom(0x76, 1);
Serial.println(Wire.read(), HEX);
```

ವಿಳಾಸ 0x76 ಅಥವಾ 0x77 ಇರುತ್ತದೆ. 60 ಬಂದರೆ ಸರಿ. 58 ಬಂದರೆ ನಿಮಗೆ ಬಿಎಂಪಿ280 ಕೊಟ್ಟಿದ್ದಾರೆ, ಅದು ತೇವಾಂಶ ಅಳೆಯುವುದೇ ಇಲ್ಲ. ಬಿಎಂಇ ಅಂತ ಹೇಳಿ ಇದನ್ನು ಮಾರುವವರು ಬಹಳ ಮಂದಿ. ಅಂಗಡಿಗೆ ವಾಪಸ್ ಕೊಡಿ.

ಓದು ನಡೆಯುವಾಗಲೇ ಬೋರ್ಡು ರೀಸೆಟ್ ಆದರೆ ಸೆನ್ಸರ್ ಎಸ್‌ಡಿಎ ತಂತಿಯನ್ನು ಕೆಳಗೇ ಹಿಡಿದು ಕೂರಬಹುದು. ಆಗ ಎಸ್‌ಸಿಎಲ್ ಮೇಲೆ 9 ಬಡಿತ ಕಳಿಸಿ, ಬಿಡುತ್ತದೆ. ಇದನ್ನು ಪ್ರೋಗ್ರಾಂ ಶುರುವಿನಲ್ಲಿ, `Wire.begin()` ಕರೆಯುವ ಮೊದಲೇ ಸೇರಿಸಿಬಿಡಿ. ಇಲ್ಲದಿದ್ದರೆ ಪವರ್ ತೆಗೆದು ಹಾಕಲು ಪ್ರತಿ ಸಲ ತಾರಸಿ ಹತ್ತಬೇಕಾಗುತ್ತದೆ.